ಸೊನ್ನೆಗೆ ಮೊದಲು ಏನು ಹೇಳಬಾರದು?

ಪತ್ರಿಕಾ ಪ್ರಕಟಣೆಯಲ್ಲಿ ಗುಟ್ಟು ಮೊದಲ ಸಾಲಿನಲ್ಲೇ ರಟ್ಟಾಗಿರುತ್ತದೆ. ಯಾವ ಕಂಪನಿ, ಏನು ತಂದಿದೆ, ಬೆಲೆ ಎಷ್ಟು, ಎಲ್ಲವೂ ಅಲ್ಲೇ. ಜಾಗ ಸಾಲದೆ ಉಪಸಂಪಾದಕರು ಕೆಳಗಿನ ಪ್ಯಾರಾಗಳನ್ನು ಕತ್ತರಿಸಿದರೂ ಸುದ್ದಿ ಉಳಿಯಲಿ ಎಂದು ಹಾಗೆ ಬರೆಯುತ್ತಾರೆ. ಇದನ್ನೇ ಗಂಭೀರ ದನಿಯಲ್ಲಿ ಓದಿಸಿ, ಹಿಂದೆ ಸಂಗೀತ ಸೇರಿಸಿ, ಕೊನೆಗೆ ‘ಹತ್ತು, ಒಂಬತ್ತು, ಎಂಟು’ ಎಂದು ಎಣಿಸುವ ವಿಡಿಯೊಗಳು ಬಿಡುಗಡೆ ಸಮಾರಂಭಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಹೆಸರು, ಬೆಲೆ ಎರಡನ್ನೂ ಹೇಳಿ ಮುಗಿಸಿದ ಮೇಲೆ ಎಣಿಸುವುದಾದರೂ ಯಾವುದಕ್ಕೆ?

1929ರಲ್ಲಿ ಜರ್ಮನಿಯ ಫ್ರಿಟ್ಸ್ ಲಾಂಗ್ ಚಂದ್ರಯಾನದ ಬಗ್ಗೆ ಒಂದು ಮೂಕಿಚಿತ್ರ ತೆಗೆದರು. ರಾಕೆಟ್ ಹಾರುವ ಕ್ಷಣಕ್ಕೆ ಕಾತರ ತುಂಬಲು ಅದರಲ್ಲಿ ಅಂಕಿಗಳನ್ನು ಬರಹದಲ್ಲೇ ಹಿಮ್ಮುಖವಾಗಿ ಎಣಿಸಿದ್ದರು. ರಾಕೆಟ್ ಹಾರುತ್ತದೆ ಎನ್ನುವುದು ಪ್ರೇಕ್ಷಕರಿಗೆ ಗೊತ್ತಿತ್ತು, ಹಾರಿದ ಮೇಲೆ ಏನಾಗುತ್ತದೆ ಎನ್ನುವುದು ಗೊತ್ತಿರಲಿಲ್ಲ. ಎಣಿಕೆ ಕೆಲಸ ಮಾಡುವುದು ಆ ಸಂದಿಯಲ್ಲಿ.

ಒಂದು ಎಲೆಕ್ಟ್ರಿಕ್ ಸ್ಕೂಟರಿನ ಪ್ರಕಟಣೆ ಕೈಗೆ ಬಂದಿದೆ ಎಂದುಕೊಳ್ಳಿ. ಒಮ್ಮೆ ಚಾರ್ಜ್ ಮಾಡಿದರೆ 120 ಕಿಲೋಮೀಟರ್, ಕಳಚಿ ಮನೆಯೊಳಗೆ ಒಯ್ಯಬಹುದಾದ ಬ್ಯಾಟರಿ, ನಾಲ್ಕು ಬಣ್ಣ, ಬೆಲೆ, ಬುಕಿಂಗ್ ದಿನಾಂಕ, ವ್ಯವಸ್ಥಾಪಕ ನಿರ್ದೇಶಕರ ಎರಡು ಹೇಳಿಕೆ, ಕೊನೆಗೆ ಕಂಪನಿಯ ಪರಿಚಯ. ಬೇಕಾಗಿರುವುದು 90 ಸೆಕೆಂಡಿನ ವಿಡಿಯೊ. ಬರೆಯುವವರು ಮೊದಲು ಹೊಡೆದುಹಾಕಬೇಕಾದದ್ದು ನಿರ್ದೇಶಕರ ಹೇಳಿಕೆಗಳನ್ನು. ಅವರು ಇನ್ನೆರಡು ನಿಮಿಷದಲ್ಲಿ ವೇದಿಕೆಯ ಮೇಲೆಯೇ ನಿಂತಿರುತ್ತಾರೆ. ಬೆಲೆಯೂ ಅವರ ಬಾಯಿಂದಲೇ ಬರಲಿ, ಚಪ್ಪಾಳೆ ಅಲ್ಲಿ ಬೀಳಬೇಕು. ಬುಕಿಂಗ್ ದಿನಾಂಕ ಭಾಷಣಕ್ಕೆ, ಕಂಪನಿಯ ಪರಿಚಯ ಕೊನೆಯ ಲೋಗೊಗೆ.

ಉಳಿದದ್ದನ್ನು ಕಣ್ಣಿಗೆ ಕಾಣುವಂತೆ ಮಾಡುವುದು ಮುಂದಿನ ಕೆಲಸ. ಬ್ಯಾಟರಿಯ ಬಗ್ಗೆ ಪ್ರಕಟಣೆಯಲ್ಲಿ ಮೂರು ಸಾಲು ಇರಬಹುದು. ವಿಡಿಯೊದಲ್ಲಿ ಮೂರನೇ ಮಹಡಿಯ ಮೆಟ್ಟಿಲು ಹತ್ತುತ್ತಿರುವ ಕಾಲುಗಳು, ಕೈಯಲ್ಲಿ ತೂಗಾಡುವ ಏನೋ ಒಂದು, ಅಡುಗೆಮನೆಯ ಪ್ಲಗ್ ಪಾಯಿಂಟ್, ಟಕ್ ಎಂಬ ಸದ್ದು. ಮಾತೇ ಬೇಡ, ಸ್ಕೂಟರ್ ಇನ್ನೂ ಕಾಣಲೂಬಾರದು. 120 ಕಿಲೋಮೀಟರ್ ಎಂಬ ಅಂಕಿಯಲ್ಲಿ ಮಾತ್ರ ಎಚ್ಚರ ಬೇಕು. ಪ್ರಕಟಣೆಯಲ್ಲಿ ಅದರ ಪಕ್ಕ ಒಂದು ನಕ್ಷತ್ರ ಚಿಹ್ನೆ ಇರುತ್ತದೆ, ‘ಪರೀಕ್ಷಾ ಸ್ಥಿತಿಯಲ್ಲಿ’ ಎಂದು. ಬೆಂಗಳೂರಿನಿಂದ ಹೊರಟು ಮಂಡ್ಯ ದಾಟುವ ದೃಶ್ಯ ಹಾಕಿದ ಕೂಡಲೇ ಆ ಚಿಹ್ನೆ ಮಾಯವಾಗಿ, ಅಂಕಿ ಭರವಸೆಯಾಗಿಬಿಡುತ್ತದೆ. ಹಾಗಾಗಿ ರಸ್ತೆಯನ್ನಷ್ಟೇ ತೋರಿಸಿ, ದೂರವನ್ನು ಭಾಷಣಕ್ಕೆ ಬಿಡುವುದು ಮೇಲು.

ಇನ್ನು ಎಣಿಕೆ. ಒಂದೊಂದು ಅಂಕಿಗೂ ಒಂದೊಂದು ವೈಶಿಷ್ಟ್ಯ ಕಟ್ಟಿ ‘ಹತ್ತು: ಹೊಸ ವಿನ್ಯಾಸ, ಒಂಬತ್ತು: ಹೊಸ ಮೋಟಾರ್’ ಎಂದು ಸಾಗುವ ಆಸೆ ಎಲ್ಲರಿಗೂ ಹುಟ್ಟುತ್ತದೆ. ಆದರೆ ಒಂದು ಅಂಕಿಗೆ ನಾಲ್ಕು ಸೆಕೆಂಡು, ಇನ್ನೊಂದಕ್ಕೆ ಎಂಟು ಹಿಡಿದರೆ ಸಭೆಯ ಬಾಯಲ್ಲಿ ಎಣಿಕೆ ಕೂರುವುದಿಲ್ಲ. ಮೊದಲ 80 ಸೆಕೆಂಡು ಅಂಕಿಯಿಲ್ಲದೆ ಕಟ್ಟಿ, ಕೊನೆಯ ಹತ್ತು ಸೆಕೆಂಡನ್ನು ನಿಜವಾದ ಸೆಕೆಂಡುಗಳಿಗೇ ಬಿಡಬೇಕು. ಸೆಕೆಂಡಿಗೆ 25 ಫ್ರೇಮ್ ಇರುವ ವಿಡಿಯೊದಲ್ಲಿ ಪ್ರತಿ ಅಂಕಿಗೂ ಸರಿಯಾಗಿ 25 ಫ್ರೇಮ್. ಸಂಗೀತವೂ ಒಪ್ಪಬೇಕು. ನಿಮಿಷಕ್ಕೆ 120 ಬಡಿತದ ಹಾಡಿನಲ್ಲಿ ಸೆಕೆಂಡಿಗೆ ಎರಡು ಬಡಿತ, ಅಂಕಿ ತಾಳದ ಮೇಲೆಯೇ ಬೀಳುತ್ತದೆ. 128 ಬಡಿತದ ಹಾಡು ಹಾಕಿದರೆ ಎರಡನೇ ಅಂಕಿಯಿಂದಲೇ ತಾಳ ಜಾರುತ್ತದೆ. ಏನೋ ಸರಿಯಿಲ್ಲ ಎಂದು ಜನರಿಗೆ ಅನ್ನಿಸುತ್ತದೆ, ಯಾಕೆಂದು ಗೊತ್ತಾಗುವುದಿಲ್ಲ.

‘ಒಂದು’ ಮುಗಿದ ಕೂಡಲೇ ಸದ್ದು ನಿಂತು ಪರದೆ ಕಪ್ಪಾಗಬೇಕು. ಸೊನ್ನೆ ವಿಡಿಯೊದ್ದಲ್ಲ, ವೇದಿಕೆಯದು. ಸ್ಕೂಟರಿನ ಮೇಲಿನ ಬಟ್ಟೆ ಎಳೆಯಲು ಎರಡು ಸೆಕೆಂಡು ಹಿಡಿಯುತ್ತದೆಂದರೆ, ಎಳೆಯುವವರಿಗೆ ‘ಎರಡು’ ಎನ್ನುವಾಗಲೇ ಸನ್ನೆ ಹೋಗಬೇಕು. ಇದು ಪಟ್ಟಿಯಲ್ಲಿ ಬರೆದಿಟ್ಟು, ಅದೇ ಬಟ್ಟೆ, ಅದೇ ಜನರೊಂದಿಗೆ ರಿಹರ್ಸಲ್‌ನಲ್ಲಿ ಅಳೆದು ನೋಡಬೇಕಾದ ಸಂಗತಿ.

ಅಲ್ಲಿ ಕಪ್ಪಾದ ವಿಡಿಯೊ ಅಲ್ಲಿಗೇ ಮುಗಿಯಬಾರದು. ಫೈಲ್ ಮುಗಿದರೆ ಎಲ್‌ಇಡಿ ಗೋಡೆಯ ತುಂಬ ಯಾರದೋ ಲ್ಯಾಪ್‌ಟಾಪಿನ ಡೆಸ್ಕ್‌ಟಾಪ್ ತೆರೆದುಕೊಳ್ಳುವ ಅಪಾಯವಿದೆ. ಕಪ್ಪು ಪರದೆ, ಆಮೇಲೆ ಲೋಗೊ ಎಂದು ಕನಿಷ್ಠ ಅರ್ಧ ನಿಮಿಷದ ಬಾಲ ಸೇರಿಸಿಡುವುದು ಕ್ಷೇಮ.

ಮತ್ತೊಂದು ಮಾತು ನಮ್ಮ ಸಭೆಗಳ ಬಗ್ಗೆ. ‘ಇನ್ನು ಐದು ನಿಮಿಷ’ ಎಂದು ಗಡಿಯಾರ ಓಡಿಸುವ ವಿಡಿಯೊ ಹಾಕಿಟ್ಟರೆ, ಮುಖ್ಯ ಅತಿಥಿಗಳ ಕಾರು ಹೆಬ್ಬಾಳದ ಫ್ಲೈಓವರ್ ಮೇಲೆ ನಿಂತ ದಿನ ಆ ಗಡಿಯಾರ ಸೊನ್ನೆ ಮುಟ್ಟಿ ಎಲ್ಲರೂ ಪೆಚ್ಚಾಗುತ್ತಾರೆ. ಕಾಯುವ ಹೊತ್ತಿಗೆ ಅಂಕಿಯಿಲ್ಲದ, ಸುತ್ತಿ ಸುತ್ತಿ ಬರುವ ಬೇರೆಯೇ ವಿಡಿಯೊ ಇರಲಿ. ಅತಿಥಿ ಕುರ್ಚಿಯಲ್ಲಿ ಕೂತು, ವೇದಿಕೆಯ ಉಸ್ತುವಾರಿ ಕೈ ಎತ್ತಿದ ಮೇಲಷ್ಟೇ 90 ಸೆಕೆಂಡಿನದ್ದು ಶುರುವಾಗಲಿ.