ಲೇತ್ ಮಾರಿದ ದಿನ ಬಯಲಾಗುವ ಲೆಕ್ಕ

ಆಸ್ತಿ ರಿಜಿಸ್ಟರಿನ ತಪ್ಪುಗಳು ವರ್ಷಗಟ್ಟಲೆ ಸದ್ದಿಲ್ಲದೆ ಕೂತಿರುತ್ತವೆ. ಯಂತ್ರ ಮಾರಿದ ದಿನ ಎಲ್ಲವೂ ಒಟ್ಟಿಗೆ ಎದ್ದು ಬರುತ್ತವೆ. ಹಾಗಾಗಿ ಈ ಅಧ್ಯಾಯವನ್ನು ಮಾರಾಟದಿಂದಲೇ ಶುರು ಮಾಡೋಣ.

ಹೊಸೂರಿನ ಸಿಪ್ಕಾಟ್ ಕೈಗಾರಿಕಾ ವಸಾಹತಿನಲ್ಲಿ ವಾಹನಗಳ ಬಿಡಿಭಾಗ ಕಡೆಯುವ ಒಂದು ಸಣ್ಣ ಕಂಪನಿ ಇದೆ ಎಂದುಕೊಳ್ಳಿ. ಲೆಕ್ಕಕ್ಕೆ ಬಳಸುವುದು ಇಆರ್‌ಪಿನೆಕ್ಸ್ಟ್. ಹಳೆಯದೊಂದು ಸಿಎನ್‌ಸಿ ಲೇತನ್ನು 2025ರ ಸೆಪ್ಟೆಂಬರ್ 30ರಂದು ಕೃಷ್ಣಗಿರಿಯ ಕಡೆಯವರಿಗೆ 14 ಲಕ್ಷಕ್ಕೆ ಕೊಟ್ಟರು. ಆ ತಿಂಗಳ ಲಾಭ-ನಷ್ಟ ಪಟ್ಟಿಯಲ್ಲಿ 4,66,667 ರೂಪಾಯಿ ನಷ್ಟ ಕಾಣಿಸಿಕೊಂಡಿತು.

"ಏನಮ್ಮಾ, ದುಡ್ಡು ಬ್ಯಾಂಕಿಗೆ ಬಂದಿದೆ, ನಷ್ಟ ಎಲ್ಲಿಂದ ಬಂತು?" ಎಂದು ಮಾಲೀಕರು ಕೇಳಿದರೆ, ಲೆಕ್ಕ ನೋಡುವ ಹೆಣ್ಣುಮಗಳು "ಸರ್, ಅದು ಇವತ್ತಿನ ನಷ್ಟ ಅಲ್ಲ" ಎನ್ನಬೇಕಾಗುತ್ತದೆ. ಹಾಗಾದರೆ ಎಂದಿನದು? ಯಂತ್ರ ಬಂದ ದಿನಕ್ಕೆ ಹೋಗಬೇಕು.

ಲೇತ್ ಬಂದದ್ದು ಬೆಂಗಳೂರಿನ ಪೀಣ್ಯದಿಂದ. ಲಾರಿ ಅತ್ತಿಬೆಲೆ ದಾಟಿದ್ದರಿಂದ ಬಿಲ್ಲಿನಲ್ಲಿ 24 ಲಕ್ಷದ ಮೇಲೆ 18% ಐಜಿಎಸ್‌ಟಿ, ಅಂದರೆ 4,32,000. ಈ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆದರು. ಆದ್ದರಿಂದ ಅದು ಯಂತ್ರದ ಬೆಲೆಗೆ ಸೇರುವುದಿಲ್ಲ. ಕ್ರೆಡಿಟ್ಟೂ ಬೇಕು, ಅದೇ ಮೊತ್ತದ ಮೇಲೆ ಸವಕಳಿಯೂ ಬೇಕು ಎಂದರೆ ಜಿಎಸ್‌ಟಿ ಕಾನೂನು ಒಪ್ಪುವುದಿಲ್ಲ. ಲಾರಿ ಬಾಡಿಗೆ, ಕ್ರೇನು ಸೇರಿ 35,000, ಫೌಂಡೇಷನ್ 45,000, ವೈರಿಂಗ್ 20,000. ಇವಿಲ್ಲದೆ ಯಂತ್ರ ನಿಂತ ಜಾಗದಲ್ಲಿ ತಿರುಗದು, ಹಾಗಾಗಿ ಇವೆಲ್ಲ ಬೆಲೆಗೆ ಸೇರಿ 25 ಲಕ್ಷವಾಯಿತು. ಆಪರೇಟರ್ ತರಬೇತಿಗೆ ಕೊಟ್ಟದ್ದು, ವಾರ್ಷಿಕ ನಿರ್ವಹಣೆ ಒಪ್ಪಂದದ ಹಣ, ವಿಮೆ ಇವು ಆಯಾ ವರ್ಷದ ಖರ್ಚು. ಯಂತ್ರದ ಬಿಲ್ಲಿನಲ್ಲೇ ತರಬೇತಿಯನ್ನೂ ಒಂದು ಸಾಲಾಗಿ ಸೇರಿಸಿದ್ದರೂ ಅಷ್ಟೇ, ಅದನ್ನು ಬಿಡಿಸಿ ಬರೆಯಬೇಕು.

ತೊಡಕು ಇರುವುದು ಬಿಲ್ಲುಗಳು ಬರುವ ಹೊತ್ತಿನಲ್ಲಿ. ಯಂತ್ರದ ಬಿಲ್ಲು ಮೊದಲು ಬರುತ್ತದೆ; ಮೇಸ್ತ್ರಿಯ ಬಿಲ್ಲು ತಿಂಗಳಾದ ಮೇಲೆ. ಇಆರ್‌ಪಿನೆಕ್ಸ್ಟ್‌ನಲ್ಲಿ ಇಂಥ ಹೆಚ್ಚುವರಿ ಖರ್ಚನ್ನು Landed Cost Voucher ಮೂಲಕ ಬೆಲೆಗೆ ಸೇರಿಸಬಹುದು, ಆದರೆ ಆಸ್ತಿಯ ದಾಖಲೆ ಇನ್ನೂ Draft ಆಗಿದ್ದರೆ ಮಾತ್ರ. ಆತುರದಲ್ಲಿ Submit ಒತ್ತಿಬಿಟ್ಟವರಿಗೆ ಅದನ್ನು ರದ್ದು ಮಾಡದೆ ದಾರಿಯಿಲ್ಲ. ರದ್ದು ಮಾಡುವ ಗೋಜು ಬೇಡವೆಂದು ಫೌಂಡೇಷನ್ ಖರ್ಚನ್ನು 'ಕಟ್ಟಡ ದುರಸ್ತಿ' ಖಾತೆಗೆ ತಳ್ಳಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ. ಆಸ್ತಿ ವರ್ಗದಲ್ಲಿ Enable Capital Work in Progress Accounting ಆಯ್ಕೆಗೆ ಗುರುತು ಹಾಕಿಟ್ಟರೆ, ಖರೀದಿಯ ಮೊತ್ತ ಮೊದಲು ಪ್ರಗತಿಯಲ್ಲಿರುವ ಬಂಡವಾಳ ಕಾಮಗಾರಿ ಖಾತೆಯಲ್ಲಿ ನಿಲ್ಲುತ್ತದೆ. ಯಂತ್ರ ಸಿದ್ಧವಾದ ಮೇಲಷ್ಟೇ ಆಸ್ತಿ ಖಾತೆಗೆ ಹೋಗುತ್ತದೆ. ಕಾಯಲು ಇದೇ ಸರಿಯಾದ ಜಾಗ.

ಸಿದ್ಧವಾದ ದಿನವನ್ನು Available-for-use Date ಎಂಬಲ್ಲಿ ತುಂಬಬೇಕು. ಬಿಲ್ಲಿನ ತಾರೀಖು ಇಲ್ಲಿಗೆ ಬರಕೂಡದು. ನಮ್ಮ ಲೇತ್ 2021ರ ಸೆಪ್ಟೆಂಬರ್ ಮೊದಲ ವಾರ ಬಂದರೂ ಟ್ರಯಲ್ ಮುಗಿದು ಕೆಲಸಕ್ಕೆ ನಿಂತದ್ದು ಅಕ್ಟೋಬರ್ 1ಕ್ಕೆ. ಸವಕಳಿ ಅಂದಿನಿಂದ.

ಇನ್ನು ಸವಕಳಿಯ ವಿಧಾನ. 2013ರ ಕಂಪನಿ ಕಾಯ್ದೆಯ ಎರಡನೇ ಅನುಸೂಚಿ ಸಾಮಾನ್ಯ ಯಂತ್ರಗಳಿಗೆ 15 ವರ್ಷದ ಆಯುಷ್ಯ ಹೇಳುತ್ತದೆ. ಉಳಿಕೆ ಬೆಲೆ ಸಾಮಾನ್ಯವಾಗಿ ಮೂಲಬೆಲೆಯ 5% ಮೀರಬಾರದು. 25 ಲಕ್ಷದಲ್ಲಿ 1,25,000 ಕಳೆದರೆ 23,75,000. Straight Line ಆರಿಸಿದರೆ ವರ್ಷಕ್ಕೆ 1,58,333. ನಾಲ್ಕು ವರ್ಷಕ್ಕೆ 6,33,333 ಕಳೆದು, ಪುಸ್ತಕದಲ್ಲಿ ಉಳಿದ ಬೆಲೆ 18,66,667. ಅದನ್ನು 14 ಲಕ್ಷಕ್ಕೆ ಮಾರಿದರೆ ಮಾಲೀಕರು ಕಂಡ ಆ ನಷ್ಟ ಬರುತ್ತದೆ.

ಅದೇ ಯಂತ್ರಕ್ಕೆ Written Down Value ಆರಿಸಿದ್ದರೆ? 15 ವರ್ಷಕ್ಕೆ 5% ಉಳಿಯಬೇಕಾದರೆ ದರ 18.10% ಆಗುತ್ತದೆ. ಆಗ ನಾಲ್ಕು ವರ್ಷದ ಕೊನೆಗೆ ಉಳಿಯುವುದು ಸುಮಾರು 11,36,000. ಅದೇ ಬೆಲೆಗೆ ಮಾರಿದರೂ 2,64,000 ರೂಪಾಯಿ ಲಾಭ! ಕಬ್ಬಿಣ ಅದೇ, ಗಿರಾಕಿ ಅದೇ. ಸಿಎನ್‌ಸಿ ಯಂತ್ರಗಳ ಮಾರುಕಟ್ಟೆ ಬೆಲೆ ಮೊದಲ ವರ್ಷಗಳಲ್ಲೇ ಹೆಚ್ಚು ಕುಸಿಯುವುದರಿಂದ, ನಾಲ್ಕೈದು ವರ್ಷಕ್ಕೆ ಮಾರಿ ಹೊಸದು ತರುವ ಕಾರ್ಖಾನೆಗಳಿಗೆ ಎರಡನೆಯ ವಿಧಾನ ಒಪ್ಪುತ್ತದೆ ಎಂದು ನನ್ನ ಎಣಿಕೆ. ಇಲ್ಲಿ ಇನ್ನೊಂದು ಎಡವಟ್ಟು: ಈ 18.10ರ ಜಾಗದಲ್ಲಿ ಆದಾಯ ತೆರಿಗೆಯ 15% ಅನ್ನು ತುಂಬಿಬಿಡುವುದು. ಎರಡೂ 'ಇಳಿಕೆ ದರ'ವೇ ಆದ್ದರಿಂದ ಕಣ್ಣಿಗೆ ಬೀಳುವುದಿಲ್ಲ. ವೇಳಾಪಟ್ಟಿಯ ಕೊನೆಯ ಸಾಲು ನೋಡಿದರೆ ಗೊತ್ತಾಗುತ್ತದೆ. ಹದಿನೈದನೇ ವರ್ಷ 1,25,000ಕ್ಕೆ ಇಳಿಸಲು ಒಮ್ಮೆಲೇ ದೊಡ್ಡ ಮೊತ್ತ ಬಿದ್ದಿರುತ್ತದೆ.

ಹೊಸೂರಿನಂಥ ಊರಲ್ಲಿ ಮರೆತೇಹೋಗುವ ಸಂಗತಿ ಶಿಫ್ಟು. ಅದೇ ಅನುಸೂಚಿಯ ಪ್ರಕಾರ, ಯಂತ್ರ ಎರಡು ಶಿಫ್ಟು ಓಡಿದ ಅವಧಿಗೆ ಸವಕಳಿ 50% ಹೆಚ್ಚು, ಮೂರು ಶಿಫ್ಟಾದರೆ 100% ಹೆಚ್ಚು. ಇದು ಅನ್ವಯಿಸದ ಆಸ್ತಿಗಳನ್ನು ಅನುಸೂಚಿಯೇ ಗುರುತಿಸಿದೆ. ಸಾಮಾನ್ಯ ಲೇತ್ ಅವುಗಳಲ್ಲಿಲ್ಲ. ನಮ್ಮ ಲೇತ್ ನಾಲ್ಕರಲ್ಲಿ ಎರಡು ವರ್ಷ ಎರಡು ಶಿಫ್ಟು ಓಡಿತ್ತು. ಮೊದಲ ವಿಧಾನದಲ್ಲೇ ಲೆಕ್ಕ ಹಾಕಿದರೂ ಇನ್ನೂ 1,58,333 ಸವಕಳಿ ಹೋಗಬೇಕಿತ್ತು. ಹೋಗಿದ್ದರೆ ಮಾರಾಟದ ನಷ್ಟ 3,08,333ಕ್ಕೆ ನಿಲ್ಲುತ್ತಿತ್ತು. ಅಂದರೆ ಆ ಎರಡು ವರ್ಷ ತೋರಿಸಿದ ಲಾಭದಲ್ಲಿ ಅಷ್ಟು ಸುಳ್ಳಿತ್ತು. ಇಆರ್‌ಪಿನೆಕ್ಸ್ಟ್‌ನ 15ನೇ ಆವೃತ್ತಿಯಿಂದ Asset Shift Allocation ಎಂಬ ಸೌಲಭ್ಯವಿದೆ, ಆದರೆ ಶಾಪ್‌ಫ್ಲೋರಿನ ಶಿಫ್ಟ್ ಪುಸ್ತಕ ಅಕೌಂಟ್ಸ್ ಮೇಜಿಗೆ ಬಂದರಲ್ಲವೇ ಅದನ್ನು ತುಂಬುವುದು.

ಮಾರಾಟದ ನಮೂದು ಇಷ್ಟಾದ ಮೇಲೆ ಸುಲಭ. ಆಸ್ತಿಯ ಪುಟದಲ್ಲಿ Sell Asset ಒತ್ತಿದರೆ ಮಾರಾಟದ ಬಿಲ್ಲು ತೆರೆದುಕೊಳ್ಳುತ್ತದೆ. ಖರೀದಿಗೆ ಐಜಿಎಸ್‌ಟಿ ಇತ್ತು. ಕೊಂಡವರು ತಮಿಳುನಾಡಿನೊಳಗೇ ಇರುವುದರಿಂದ ಈಗ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ತಲಾ 1,26,000. ಗಿರಾಕಿಯ ಖಾತೆಗೆ 16,52,000, ಸಂಚಿತ ಸವಕಳಿಗೆ 6,33,333, ನಷ್ಟದ ಖಾತೆಗೆ 4,66,667 ಖರ್ಚು ಬೀಳುತ್ತದೆ. ಎದುರಿಗೆ ಯಂತ್ರದ 25 ಲಕ್ಷ ಮತ್ತು ತೆರಿಗೆ 2,52,000 ಜಮಾ. ಎರಡೂ ಕಡೆ 27,52,000. ಇಲ್ಲಿ ಎಷ್ಟೋ ಜನ ಜಾರುವುದು Sell Asset ಗುಂಡಿಯನ್ನೇ ಮುಟ್ಟದೆ ಸಾಮಾನ್ಯ ಬಿಲ್ಲು ಹಾಕಿ, 14 ಲಕ್ಷವನ್ನು 'ಸ್ಕ್ರ್ಯಾಪ್ ಮಾರಾಟ'ದ ಆದಾಯಕ್ಕೆ ಸೇರಿಸುವಾಗ. ಯಂತ್ರ ಕೃಷ್ಣಗಿರಿಯಲ್ಲಿ ತಿರುಗುತ್ತಿದ್ದರೂ ಹೊಸೂರಿನ ಪುಸ್ತಕದಲ್ಲಿ ಪ್ರತಿ ತಿಂಗಳೂ ಅದರ ಸವಕಳಿ ಬೀಳುತ್ತಲೇ ಇರುತ್ತದೆ. Fixed Asset Register ವರದಿ ಹಿಡಿದು ಶೆಡ್ಡಿನಲ್ಲಿ ಒಂದು ಸುತ್ತು ಬಂದು, ಯಂತ್ರದ ತಗಡಿನ ಮೇಲಿನ ಕ್ರಮಸಂಖ್ಯೆ ತಾಳೆ ನೋಡಿದರೆ ಮಾತ್ರ ಇದು ಸಿಕ್ಕೀತು.

ಉಳಿದದ್ದು ಮಾಲೀಕರ ಎರಡನೇ ಪ್ರಶ್ನೆ: "ನಷ್ಟ ಆಯ್ತಲ್ಲ, ತೆರಿಗೆಯಾದ್ರೂ ಕಮ್ಮಿ ಆಗುತ್ತಾ?" ಆಗುವುದಿಲ್ಲ. ಆದಾಯ ತೆರಿಗೆಯ ಲೆಕ್ಕದಲ್ಲಿ ಲೇತ್ ಒಂಟಿಯಲ್ಲ; 15% ದರದ ಯಂತ್ರಗಳ ಇಡೀ ಗುಂಪಿನಲ್ಲಿ ಒಂದು. ಗುಂಪಿನಲ್ಲಿ ಬೇರೆ ಯಂತ್ರಗಳು ಇರುವತನಕ ಮಾರಿದ 14 ಲಕ್ಷವನ್ನು ಗುಂಪಿನ ಮೊತ್ತದಿಂದ ಕಳೆಯುತ್ತಾರೆ, ಅಷ್ಟೇ. ಪುಸ್ತಕದ ನಷ್ಟವನ್ನು ತೆರಿಗೆ ಲೆಕ್ಕದಲ್ಲಿ ಮತ್ತೆ ಆದಾಯಕ್ಕೆ ಕೂಡಿಸಬೇಕು. ಇಆರ್‌ಪಿನೆಕ್ಸ್ಟ್‌ನ Finance Book ಒಂದೊಂದು ಆಸ್ತಿಗೆ ಬೇರೆಬೇರೆ ಸವಕಳಿ ಹಾಕುತ್ತದೆಯೇ ಹೊರತು ಈ ಗುಂಪಿನ ಲೆಕ್ಕ ಅದಕ್ಕೆ ಹಿಡಿಯದು. ಆದ್ದರಿಂದ ತೆರಿಗೆಯ ಗುಂಪಿಗೆ ಒಂದು ಪ್ರತ್ಯೇಕ ಹಾಳೆ ಇಟ್ಟುಕೊಂಡು, ಹೊಸ ಯಂತ್ರ ಬಳಕೆಗೆ ಬಂದ ತಾರೀಖನ್ನು ಅಲ್ಲೂ ಬರೆಯಬೇಕು. ಸಾಮಾನ್ಯ ವರ್ಷದಲ್ಲಿ ಅಕ್ಟೋಬರ್ 3ರೊಳಗೆ ಬಳಸಿದರೆ 180 ದಿನ ತುಂಬಿ ಪೂರ್ತಿ 15% ಸಿಗುತ್ತದೆ. ಒಂದು ದಿನ ತಡವಾದರೆ ಅರ್ಧ. ನಮ್ಮ ಲೇತಿಗೆ ಎರಡು ದಿನ ಮಿಕ್ಕಿತ್ತು.