ಅರ್ಧ ಗಂಟೆಯಲ್ಲಿ ಓದಿದ ಮನಸ್ಸು

ಗುರುಗ್ರಾಮದ ಬಾಲ ನ್ಯಾಯ ಮಂಡಳಿಯ ಮುಂದೆ 2017ರ ಡಿಸೆಂಬರ್‌ನಲ್ಲಿ ಎರಡು ವರದಿಗಳಿದ್ದವು. ಒಂದು ಮನಃಶಾಸ್ತ್ರಜ್ಞರದು, ಇನ್ನೊಂದು ಹುಡುಗನ ಮನೆ, ಶಾಲೆ, ಸಹವಾಸಗಳನ್ನು ವಿಚಾರಿಸಿ ಬರೆದ ಸಾಮಾಜಿಕ ತನಿಖಾ ವರದಿ. ಇವುಗಳ ಆಧಾರದ ಮೇಲೆ, ಹದಿನಾರು ತುಂಬಿದ ಆ ಹುಡುಗನನ್ನು ಮಗು ಎಂದು ವಿಚಾರಿಸಬೇಕೋ, ವಯಸ್ಕ ಎಂದು ವಿಚಾರಿಸಬೇಕೋ ಎಂಬುದು ತೀರ್ಮಾನವಾಗಬೇಕಿತ್ತು. ಹುಡುಗನ ಕಡೆಯ ವಕೀಲರು ಪ್ರತಿ ಕೇಳಿದರು. ವರದಿ ಗೋಪ್ಯ ಎಂದು ಪ್ರತಿ ಕೊಡಲಿಲ್ಲ. ಅಲ್ಲೇ ಕುಳಿತು ಓದಿಕೊಳ್ಳಲು ಸಿಕ್ಕಿದ್ದು ಅರ್ಧ ಗಂಟೆ.

ಆ ಅರ್ಧ ಗಂಟೆಯ ಜಗಳ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಅಲ್ಲಿ ತೀರ್ಪು ಬರುವ ಹೊತ್ತಿಗೆ ಹುಡುಗನಿಗೆ ಇಪ್ಪತ್ತೊಂದು ದಾಟಿತ್ತು.

ಪ್ರಕರಣ ಹಲವರಿಗೆ ನೆನಪಿರಬಹುದು. 2017ರ ಸೆಪ್ಟೆಂಬರ್ 8ರ ಬೆಳಿಗ್ಗೆ ಗುರುಗ್ರಾಮದ ಶಾಲೆಯೊಂದರ ಶೌಚಾಲಯದಲ್ಲಿ ಎರಡನೇ ತರಗತಿಯ ಬಾಲಕ ಕತ್ತು ಕೊಯ್ದ ಸ್ಥಿತಿಯಲ್ಲಿ ಸಿಕ್ಕಿದ. ಪೊಲೀಸರು ಶಾಲಾ ಬಸ್ಸಿನ ಕಂಡಕ್ಟರನನ್ನು ಹಿಡಿದು, ಇವನೇ ಕೊಲೆಗಾರ ಎಂದರು. ತನಿಖೆ ಸಿಬಿಐ ಕೈಗೆ ಹೋದ ಮೇಲೆ, ನವೆಂಬರ್‌ನಲ್ಲಿ, ಅದೇ ಶಾಲೆಯ ಹನ್ನೊಂದನೇ ತರಗತಿಯ ವಿದ್ಯಾರ್ಥಿಯನ್ನು ವಶಕ್ಕೆ ಪಡೆಯಲಾಯಿತು. ಕಂಡಕ್ಟರನಿಗೆ ಮೊದಲು ಜಾಮೀನು ಸಿಕ್ಕಿತು, ಆಮೇಲೆ ಆರೋಪದಿಂದಲೇ ಬಿಡುಗಡೆಯಾಯಿತು. ಮಕ್ಕಳ ಗುರುತು ಹೊರಬರಬಾರದೆಂದು ನ್ಯಾಯಾಲಯವೇ ಹೆಸರುಗಳನ್ನು ಕೊಟ್ಟಿತು: ಸತ್ತ ಬಾಲಕ ‘ಪ್ರಿನ್ಸ್’, ಆರೋಪಿ ‘ಭೋಲು’, ಶಾಲೆ ‘ವಿದ್ಯಾಲಯ’. ಭೋಲು ಎಂದರೆ ಹಿಂದಿಯಲ್ಲಿ ಮುಗ್ಧ, ಏನೂ ಅರಿಯದವ. ವಿವಾದವಿದ್ದುದು ಆ ಹುಡುಗ ಎಷ್ಟು ಅರಿತಿದ್ದ ಎಂಬುದರ ಬಗ್ಗೆಯೇ.

ಈ ಪ್ರಶ್ನೆ ಕಾನೂನಿನೊಳಗೆ ಬಂದದ್ದಕ್ಕೆ ಒಂದು ಹಿನ್ನೆಲೆಯಿದೆ. 2012ರ ದೆಹಲಿ ಅತ್ಯಾಚಾರ ಪ್ರಕರಣದ ಆರೋಪಿಗಳಲ್ಲಿ ಒಬ್ಬನಿಗೆ ಹದಿನೆಂಟು ತುಂಬಿರಲಿಲ್ಲ. ಅವನಿಗೆ ಸಿಕ್ಕಿದ್ದು ಮೂರು ವರ್ಷದ ವಿಶೇಷ ಗೃಹವಾಸ. 2015ರ ಡಿಸೆಂಬರ್‌ನಲ್ಲಿ ಅವನ ಬಿಡುಗಡೆಯಾಗುತ್ತಿದ್ದಂತೆ ಬೀದಿಯಲ್ಲಿ ಪ್ರತಿಭಟನೆ ಎದ್ದಿತು. ಅದೇ ವಾರ ರಾಜ್ಯಸಭೆ ಹೊಸ ಬಾಲ ನ್ಯಾಯ ಮಸೂದೆಗೆ ಒಪ್ಪಿಗೆ ಕೊಟ್ಟಿತು. 2016ರ ಜನವರಿ 15ರಿಂದ ಜಾರಿಗೆ ಬಂದ ಆ ಕಾಯ್ದೆಯ 15ನೇ ಕಲಮಿನಲ್ಲಿದೆ ‘ಪ್ರಾಥಮಿಕ ಮೌಲ್ಯಮಾಪನ’. ಆರೋಪ ಹೊತ್ತವರಿಗೆ ಕೃತ್ಯದ ದಿನ ಹದಿನಾರು ತುಂಬಿರಬೇಕು, ಆರೋಪ ‘ಘೋರ ಅಪರಾಧ’ದ್ದಾಗಿರಬೇಕು. ಎರಡೂ ಸೇರಿದರೆ ಮಾತ್ರ ಈ ಬಾಗಿಲು ತೆರೆಯುತ್ತದೆ.

ಘೋರ ಎಂಬ ಮಾತನ್ನು ಇಲ್ಲಿ ನಾವು ದಿನನಿತ್ಯ ಆಡುವ ಅರ್ಥದಲ್ಲಿ ತೆಗೆದುಕೊಳ್ಳಬಾರದು. ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಹೆಚ್ಚು ಎಂದು ಕಾನೂನು ಹೇಳಿದ್ದರೆ ಮಾತ್ರ ಅದು ಘೋರ. ಗರಿಷ್ಠ ಶಿಕ್ಷೆ ಎಷ್ಟೇ ಇರಲಿ, ಕನಿಷ್ಠದ ಗೆರೆ ಇಲ್ಲದಿದ್ದರೆ ಅದು ‘ಗಂಭೀರ’ ಮಾತ್ರ ಎಂದು ಶಿಲ್ಪಾ ಮಿತ್ತಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಅದು ದೆಹಲಿಯಲ್ಲಿ ಬಾಲಕನೊಬ್ಬ ಕಾರು ಓಡಿಸಿ ಒಬ್ಬರ ಸಾವಿಗೆ ಕಾರಣನಾದ ಪ್ರಕರಣ. ಕೊಲೆಯಲ್ಲದ ನರಹತ್ಯೆಗೆ ಆಗ ಕನಿಷ್ಠ ಶಿಕ್ಷೆಯ ಗೆರೆ ಇರಲಿಲ್ಲವಾದ್ದರಿಂದ ಮೌಲ್ಯಮಾಪನದ ಪ್ರಶ್ನೆಯೇ ಏಳುವುದಿಲ್ಲ ಎಂದಾಯಿತು. 2024ರ ಪುಣೆಯ ಪೋರ್ಶೆ ಅಪಘಾತದ ಹುಡುಗನನ್ನು ವಯಸ್ಕನಂತೆ ವಿಚಾರಿಸಬೇಕೆಂದು ಪೊಲೀಸರು ಕೇಳಿದಾಗ ಅಡ್ಡ ಬಂದ ವಾದವೂ ಇದೇ. ಮುಂದಿನ ವರ್ಷ ಅಲ್ಲಿನ ಮಂಡಳಿ ಆ ಕೋರಿಕೆಯನ್ನು ತಳ್ಳಿಹಾಕಿತು. ಟಿವಿ ಮುಂದೆ ಕುಳಿತವರಿಗೆ ಇದು ಶ್ರೀಮಂತರ ಆಟವಾಗಿ ಕಂಡಿತು.

ಇದಕ್ಕೆ ಇನ್ನೊಂದು ಮಗ್ಗುಲಿದೆ, ಅದು ಸುದ್ದಿಯಾಗುವುದು ಕಡಿಮೆ. ಪೋಕ್ಸೊ ಕಾಯ್ದೆಯಡಿ ಲೈಂಗಿಕ ಸಂಪರ್ಕದ ಅಪರಾಧಕ್ಕೆ ಕನಿಷ್ಠ ಹತ್ತು ವರ್ಷ, ಹುಡುಗಿಗೆ ಹದಿನಾರು ತುಂಬಿರದಿದ್ದರೆ ಇಪ್ಪತ್ತು. ಅಂದರೆ ಹದಿನೇಳರ ಹುಡುಗನೊಬ್ಬ ತನ್ನ ಓರಗೆಯ ಹುಡುಗಿಯನ್ನು ಪ್ರೀತಿಸಿ ಅವಳೊಡನೆ ಓಡಿಹೋಗಿ, ಅವಳ ಮನೆಯವರು ದೂರು ಕೊಟ್ಟರೆ, ಲೆಕ್ಕದ ಪ್ರಕಾರ ಅವನೂ ಘೋರ ಅಪರಾಧದ ಆರೋಪಿ. ಕೊಲೆ ಆರೋಪಿ ದಾಟಬೇಕಾದ ಬಾಗಿಲನ್ನೇ ಅವನೂ ದಾಟಬೇಕು.

ಒಳಗೆ ನಡೆಯುವುದೇನು? ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಹುಡುಗನನ್ನು ಮೊದಲ ಬಾರಿ ಹಾಜರುಪಡಿಸಿದ ಒಂದು ತಿಂಗಳಲ್ಲಿ ಪೊಲೀಸರು ಸಾಕ್ಷಿಗಳ ಹೇಳಿಕೆ ಮತ್ತು ತನಿಖೆಯ ಕಾಗದಗಳನ್ನು ಕೊಡಬೇಕು, ಅವುಗಳ ಪ್ರತಿ ಹುಡುಗನ ಕಡೆಯವರಿಗೂ ಸಿಗಬೇಕು. ಮೂರು ತಿಂಗಳಲ್ಲಿ ಮೌಲ್ಯಮಾಪನ ಮುಗಿಯಬೇಕು. ಈ ಮೂರು ತಿಂಗಳ ಗಡುವು ಮೀರಿದರೆ ಎಲ್ಲ ಬಿದ್ದುಹೋಗುತ್ತದೆಯೇ ಎಂಬ ಪ್ರಶ್ನೆ ಕರ್ನಾಟಕದ ಪ್ರಕರಣವೊಂದರಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಗಡುವು ಮಾರ್ಗದರ್ಶಕ, ಕಡ್ಡಾಯವಲ್ಲ ಎಂದು 2024ರ ಮೇ ತಿಂಗಳಲ್ಲಿ ಉತ್ತರ ಬಂತು.

ಮಂಡಳಿ ನೋಡಬೇಕಾದ್ದು ಇಷ್ಟು: ಇಂಥ ಕೃತ್ಯ ಎಸಗುವ ಮಾನಸಿಕ ಮತ್ತು ದೈಹಿಕ ಸಾಮರ್ಥ್ಯ ಹುಡುಗನಿಗಿತ್ತೇ, ಅದರ ಪರಿಣಾಮಗಳನ್ನು ಅರಿಯುವ ಶಕ್ತಿಯಿತ್ತೇ, ಯಾವ ಸಂದರ್ಭದಲ್ಲಿ ಕೃತ್ಯ ನಡೆಯಿತೆನ್ನಲಾಗಿದೆ. ಹುಡುಗ ಮಾಡಿದನೇ ಇಲ್ಲವೇ ಎಂಬುದು ಇಲ್ಲಿನ ಪ್ರಶ್ನೆಯಲ್ಲ. ಇದು ವಿಚಾರಣೆಯಲ್ಲ ಎಂದು ಕಲಮಿನ ಕೆಳಗೇ ವಿವರಣೆ ಇದೆ, ಹುಡುಗನನ್ನು ನಿರಪರಾಧಿ ಎಂದೇ ಭಾವಿಸಬೇಕೆಂದು ನಿಯಮವಿದೆ. ಹೇಳುವುದು ಸುಲಭ. ಮಾಡಿಲ್ಲದೆ ಇರಬಹುದಾದ ಕೃತ್ಯವನ್ನು ಮಾಡುವಾಗ ನಿನ್ನ ಮನಸ್ಸು ಹೇಗಿತ್ತು ಎಂದು ಕೇಳುವುದು ಹೇಗೆ? ಆ ಕಂಡಕ್ಟರನನ್ನು ಒಮ್ಮೆ ನೆನೆಯಿರಿ. ಎರಡು ತಿಂಗಳು ಊರಿಗೆಲ್ಲ ಅವನೇ ಕೊಲೆಗಾರ.

ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗದವರು ಈ ತೊಡಕಿಗೆ ಕಂಡುಕೊಂಡ ದಾರಿ ನನಗೆ ಸರಿ ಎನಿಸುತ್ತದೆ. ಅವರು ರೂಪಿಸಿದ ನಮೂನೆಯಲ್ಲಿ ‘ಸಂದರ್ಭ’ ಎಂದರೆ ಕೃತ್ಯ ನಡೆದ ಆ ಹತ್ತು ನಿಮಿಷವಲ್ಲ, ಹುಡುಗ ಅಲ್ಲಿಗೆ ಬಂದು ನಿಂತ ಬದುಕು. ಮನೆಯಲ್ಲಿ ಯಾರಿದ್ದಾರೆ, ಅಪ್ಪ ಕುಡಿದು ಹೊಡೆಯುತ್ತಿದ್ದನೇ, ಶಾಲೆ ಯಾವಾಗ ಬಿಟ್ಟ, ಯಾಕೆ ಬಿಟ್ಟ, ಎಲ್ಲಿ ಕೆಲಸಕ್ಕಿದ್ದ, ಯಾರ ಜೊತೆ ಓಡಾಡುತ್ತಿದ್ದ, ಅವನ ಮೇಲೆಯೇ ದೌರ್ಜನ್ಯ ನಡೆದಿತ್ತೇ, ಯಾವ ಚಟ ಹತ್ತಿತ್ತು, ಮನೋರೋಗದ ಲಕ್ಷಣಗಳಿವೆಯೇ. ಹೀಗೆ ಕೇಳಿದರೆ ತಪ್ಪೊಪ್ಪಿಗೆಯನ್ನು ಹಿಂಬಾಗಿಲಿನಿಂದ ಕದ್ದಂತಾಗುವುದಿಲ್ಲ. ಓಡಿಹೋದ ಜೋಡಿಯ ಹುಡುಗನಿಗೂ ಕೊಲೆ ಆರೋಪದ ಹುಡುಗನಿಗೂ ವ್ಯತ್ಯಾಸ ಕಾಣುವುದೂ ಇಲ್ಲೇ. ದೈಹಿಕ ಸಾಮರ್ಥ್ಯ ಎಂಬ ಅಳತೆಗೆ ಆ ವ್ಯತ್ಯಾಸ ಕಾಣಿಸದು. ಹದಿನೇಳರ ಹುಡುಗನಿಗೆ ಕೈಕಾಲು ನೆಟ್ಟಗಿವೆ ಎಂದು ಬರೆಯಲು ವೈದ್ಯರಿಗೆ ಎಷ್ಟು ಹೊತ್ತು ಬೇಕು?

ಗುರುಗ್ರಾಮದಲ್ಲಿ ಎಡವಿದ್ದು ಪರಿಣಾಮಗಳ ಅರಿವಿನ ಅಳತೆಯಲ್ಲಿ. ಮನಃಶಾಸ್ತ್ರಜ್ಞರು ಬುದ್ಧಿಮತ್ತೆಯ ಪರೀಕ್ಷೆ ಮಾಡಿದ್ದರು. ಬಳಸಿದ ಪರೀಕ್ಷೆ ಹದಿನೈದು ವರ್ಷದೊಳಗಿನ ಮಕ್ಕಳಿಗೆಂದು ರೂಪಿಸಿದ್ದು, ಹುಡುಗನಿಗೆ ಆಗಲೇ ಹದಿನಾರು ದಾಟಿತ್ತು ಎಂದು ಹೈಕೋರ್ಟ್ ಆಮೇಲೆ ಎತ್ತಿ ತೋರಿಸಿತು. ಇನ್ನಷ್ಟು ಪರೀಕ್ಷೆ ಆಗಬೇಕೆಂದು ಮನಃಶಾಸ್ತ್ರಜ್ಞರೇ ಬರೆದಿದ್ದರೂ ಮಂಡಳಿ ಅದಕ್ಕೆ ಕಾಯಲಿಲ್ಲ. ಡಿಸೆಂಬರ್ 20ರಂದು, ವಯಸ್ಕನಂತೆಯೇ ವಿಚಾರಣೆಯಾಗಲಿ ಎಂದು ಆದೇಶಿಸಿತು. ಮೇಲ್ಮನವಿಯನ್ನು ಮಕ್ಕಳ ನ್ಯಾಯಾಲಯ 2018ರ ಮೇನಲ್ಲಿ ವಜಾ ಮಾಡಿತು. ಅಕ್ಟೋಬರ್‌ನಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಎರಡೂ ಆದೇಶಗಳನ್ನು ರದ್ದುಮಾಡಿ, ಮತ್ತೆ ಮೊದಲಿನಿಂದ ನೋಡಿ ಎಂದಿತು. ಸತ್ತ ಬಾಲಕನ ತಂದೆ ಸುಪ್ರೀಂ ಕೋರ್ಟಿಗೆ ಹೋದರು.

2022ರ ಜುಲೈ 13ರಂದು ನ್ಯಾಯಮೂರ್ತಿಗಳಾದ ದಿನೇಶ್ ಮಾಹೇಶ್ವರಿ ಮತ್ತು ವಿಕ್ರಮ್ ನಾಥ್ ಹೈಕೋರ್ಟಿನ ಮಾತನ್ನು ಎತ್ತಿಹಿಡಿದರು. ಆ ತೀರ್ಪಿನಲ್ಲಿ ನನ್ನ ಕಣ್ಣು ನಿಂತದ್ದು ಒಂದು ಬಹುವಚನದ ಮೇಲೆ. ಕಾಯ್ದೆ ‘ಪರಿಣಾಮ’ ಎನ್ನುವುದಿಲ್ಲ, ‘ಪರಿಣಾಮಗಳು’ ಎನ್ನುತ್ತದೆ. ಚಾಕು ಹಾಕಿದರೆ ಸಾಯುತ್ತಾನೆ ಎಂಬುದು ಒಂದು ಪರಿಣಾಮ. ಅಷ್ಟು ಏಳು ವರ್ಷದ ಮಗುವಿಗೂ ಗೊತ್ತು. ಸತ್ತವನ ಮನೆಯಲ್ಲಿ ಮುಂದೆ ಏನಾಗುತ್ತದೆ, ತನ್ನ ಅಪ್ಪ ಅಮ್ಮ ಊರಲ್ಲಿ ಹೇಗೆ ತಲೆಯೆತ್ತಿ ಓಡಾಡುತ್ತಾರೆ, ತನ್ನ ಓದು, ಬದುಕು ಎಲ್ಲಿಗೆ ಹೋಗುತ್ತದೆ, ಇವೆಲ್ಲವೂ ಆ ಬಹುವಚನದೊಳಗೆ ಬರುತ್ತವೆ ಎಂಬುದು ತೀರ್ಪಿನ ಧಾಟಿ. ಕೃತ್ಯ ಎಸಗುವ ಮಾನಸಿಕ ಸಾಮರ್ಥ್ಯವಿದ್ದ ಮಾತ್ರಕ್ಕೆ ಪರಿಣಾಮಗಳ ಅರಿವೂ ಇತ್ತೆಂದು ಹೇಳಲಾಗದು, ಎರಡನ್ನೂ ಬೇರೆ ಬೇರೆಯಾಗಿ ತೂಗಬೇಕು ಎಂದಿತು ಪೀಠ. ವೇಗವಾಗಿ ಓಡಿಸಿದರೆ ಅಪಘಾತವಾಗುತ್ತದೆ ಎಂದು ಸಾಧಾರಣ ಬುದ್ಧಿಯ ಹುಡುಗನಿಗೆ ಗೊತ್ತೇ ಇರುತ್ತದೆ. ಆದರೂ ಆ ಕ್ಷಣದ ಹುಮ್ಮಸ್ಸು ಗೊತ್ತಿರುವುದನ್ನು ಹಿಂದೆ ತಳ್ಳುತ್ತದೆ. ಅದನ್ನು ತಡೆಯುವ ಭಾವನಾತ್ಮಕ ಪಕ್ವತೆ ಎಷ್ಟಿದೆ ಎಂಬುದನ್ನು ಬುದ್ಧಿಮತ್ತೆಯ ಅಂಕಿ ಹೇಳಲಾರದು.

ಅದೇ ತೀರ್ಪು ಕಾಯ್ದೆಯ ಒಂದು ‘ಬಹುದು’ವನ್ನು ‘ಬೇಕು’ ಮಾಡಿತು. ಮಂಡಳಿ ತಜ್ಞರ ನೆರವು ಪಡೆಯಬಹುದು ಎಂದಿದೆ ಕಲಮು. ಮಂಡಳಿಯಲ್ಲೇ ಮಕ್ಕಳ ಮನಃಶಾಸ್ತ್ರ ಅಥವಾ ಮನೋವೈದ್ಯಶಾಸ್ತ್ರ ಓದಿ ವೃತ್ತಿಯಲ್ಲಿರುವವರು ಇಲ್ಲದಿದ್ದರೆ ನೆರವು ಪಡೆಯಲೇಬೇಕು ಎಂದಿತು ಪೀಠ. ವರದಿಗಳ ಪ್ರತಿ ಕೊಡದೆ ಅರ್ಧ ಗಂಟೆ ತೋರಿಸಿದ್ದೂ ತಪ್ಪು ಎಂದಾಯಿತು. ಮುಂದಿನ ವರ್ಷ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಮಂಡಳಿಗಳಿಗೆ ಮಾರ್ಗಸೂಚಿ ಹೊರಡಿಸಿತು.

ಮಂಡಳಿ ‘ವಯಸ್ಕನಂತೆ’ ಎಂದ ಕೂಡಲೇ ಹುಡುಗ ಜೈಲಿಗೆ ಹೋಗುವುದಿಲ್ಲ. ಕಡತ ಮಕ್ಕಳ ನ್ಯಾಯಾಲಯಕ್ಕೆ ಹೋಗುತ್ತದೆ, ಅದು ಸ್ವತಂತ್ರವಾಗಿ ಇನ್ನೊಮ್ಮೆ ಇದೇ ಪ್ರಶ್ನೆ ಕೇಳಿಕೊಳ್ಳಬೇಕು. ತಪ್ಪಿತಸ್ಥನೆಂದಾದರೂ ಇಪ್ಪತ್ತೊಂದು ತುಂಬುವವರೆಗೆ ಅವನಿರುವುದು ‘ಸುರಕ್ಷಿತ ಸ್ಥಳ’ದಲ್ಲಿ. ಆಗ ಅವನು ಸುಧಾರಿಸಿದ್ದಾನೆಯೇ ಎಂದು ನ್ಯಾಯಾಲಯ ನೋಡಿ, ಬಿಡಬಹುದು ಅಥವಾ ಉಳಿದ ಶಿಕ್ಷೆಗೆ ಜೈಲಿಗೆ ಕಳಿಸಬಹುದು. ಗಲ್ಲಿಲ್ಲ, ಬಿಡುಗಡೆಯ ಆಸೆಯೇ ಇಲ್ಲದ ಜೀವಾವಧಿಯೂ ಇಲ್ಲ. ಆದರೆ ಮಗುವಾಗಿ ವಿಚಾರಣೆಯಾದರೆ ಗರಿಷ್ಠ ಮೂರು ವರ್ಷ, ಮೇಲಾಗಿ ಅಪರಾಧದ ಕಳಂಕ ದಾಖಲೆಯಲ್ಲಿ ಅವನ ಬೆನ್ನು ಹತ್ತಬಾರದೆಂಬ ರಕ್ಷಣೆ. ವಯಸ್ಕನಂತೆ ವಿಚಾರಣೆಯಾಗಿ ಶಿಕ್ಷೆಯಾದವನಿಗೆ ಆ ರಕ್ಷಣೆ ಇರುವುದಿಲ್ಲ. ಅರ್ಧ ಗಂಟೆಗಾಗಿ ಐದು ವರ್ಷ ಬಡಿದಾಡಿದ್ದು ಇದಕ್ಕೆ.

ಸುಪ್ರೀಂ ಕೋರ್ಟಿನ ಆದೇಶದಂತೆ ಗುರುಗ್ರಾಮದ ಮಂಡಳಿ ಮತ್ತೆ ಕುಳಿತಿತು. ಅಳೆಯಬೇಕಿದ್ದದ್ದು ಹದಿನಾರರ ಹುಡುಗನ ಮನಸ್ಸು, ಎದುರಿಗಿದ್ದವನು ಐದು ವರ್ಷ ದೊಡ್ಡವನು. ಹಳೆಯ ಕಡತಗಳಲ್ಲಿದ್ದ ಹುಡುಗನೊಬ್ಬ, ಎದುರು ನಿಂತ ಯುವಕನೊಬ್ಬ. 2022ರ ಅಕ್ಟೋಬರ್‌ನಲ್ಲಿ ಮಂಡಳಿ ಎರಡನೇ ಬಾರಿ ಹೇಳಿತು: ವಯಸ್ಕನಂತೆಯೇ ವಿಚಾರಣೆಯಾಗಲಿ.