ಹಿಂದಿನ ಬೆಂಚಿನಿಂದ ಬೋರ್ಡು ಕಾಣಬೇಕು

ಅಕ್ಕನ ಮಗಳು ಮೈಸೂರಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷ. ಮೇಷ್ಟ್ರ ಒಪ್ಪಿಗೆ ಪಡೆದು ಗಣಿತದ ಪಾಠಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡುತ್ತಾಳೆ. ರಾತ್ರಿ ಹಾಸ್ಟೆಲ್ಲಿನಲ್ಲಿ ಕೂತು ಐವತ್ತು ನಿಮಿಷದ ಪಾಠವನ್ನು ಹತ್ತತ್ತು ನಿಮಿಷದ ತುಂಡುಗಳಾಗಿ ಕತ್ತರಿಸಿ, ಕೆಳಗೆ ಕನ್ನಡದಲ್ಲಿ ಸಾಲು ಹಾಕಿ, ಕ್ಲಾಸಿನವರಿಗೆಲ್ಲ ಕಳಿಸುತ್ತಾಳೆ. ಹಳೆಯ ಫೋನ್ ಕೈಕೊಟ್ಟಾಗ ಕೇಳಿದಳು: "ಮಾವ, ಅಪ್ಪ ಇಪ್ಪತ್ತು ಸಾವಿರ ಕೊಡ್ತಾರಂತೆ. ಹೊಸದು ಸಾಧಾರಣದ್ದು ತಗೊಳ್ಳಲೋ, ರಿಫರ್ಬಿಶ್ಡ್ ಒಳ್ಳೇದು ತಗೊಳ್ಳಲೋ?"

ಇಂಥ ಪ್ರಶ್ನೆ ಕೇಳಿದವರಿಗೆಲ್ಲ ಸಾಮಾನ್ಯವಾಗಿ ಬರುವ ಉತ್ತರ ಒಂದೇ: ಎರಡು ಮೂರು ವರ್ಷ ಹಳೆಯ ಫ್ಲ್ಯಾಗ್‌ಶಿಪ್ ತಗೋ, ಅದರ ಕ್ಯಾಮೆರಾಕ್ಕೂ ಚಿಪ್ಪಿಗೂ ಸಾಟಿಯಿಲ್ಲ. ಮಾತು ಸುಳ್ಳಲ್ಲ. ಆದರೆ ಪಾಠ ರೆಕಾರ್ಡ್ ಮಾಡುವುದು ಬೇರೆ ಕೆಲಸ, ವಿಡಿಯೊ ಎಡಿಟ್ ಮಾಡುವುದು ಬೇರೆ ಕೆಲಸ. ಮೊದಲನೆಯದಕ್ಕೆ ಬೇಕಾದದ್ದು ಓಟದ ಕುದುರೆಯಲ್ಲ, ಹೊತ್ತು ನಡೆಯುವ ಎತ್ತು.

ಒಂದು ಶನಿವಾರ ಇಬ್ಬರೂ ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋದೆವು. ಕೊನೆಗೆ ಮೇಜಿನ ಮೇಲೆ ಎರಡು ಫೋನ್ ಉಳಿದವು. ಒಂದು, ರಿಫರ್ಬಿಶ್ಡ್ ಗ್ಯಾಲಕ್ಸಿ ಎಸ್22. 2022ರ ಫೆಬ್ರುವರಿಯಲ್ಲಿ ಬಂದದ್ದು. ಸ್ನ್ಯಾಪ್‌ಡ್ರ್ಯಾಗನ್ 8 ಜೆನ್ 1 ಚಿಪ್, 8 ಜಿಬಿ ರ‍್ಯಾಮ್, 128 ಜಿಬಿ ಜಾಗ, 3,700 ಎಂಎಎಚ್ ಬ್ಯಾಟರಿ. ಅಂಗಡಿಯವರು ಹೇಳಿದ ಬೆಲೆ ಹತ್ತೊಂಬತ್ತು ಸಾವಿರ, ಆರು ತಿಂಗಳ ಅಂಗಡಿ ವಾರಂಟಿ. ಇನ್ನೊಂದು, ಹದಿನೇಳು ಸಾವಿರದ ಹೊಸ 5ಜಿ ಫೋನ್. ರ‍್ಯಾಮ್, ಜಾಗ ಅಷ್ಟೇ, ಬ್ಯಾಟರಿ 5,000 ಎಂಎಎಚ್, ಮೆಮೊರಿ ಕಾರ್ಡಿಗೆ ಜಾಗವುಂಟು, ಇಯರ್‌ಫೋನ್ ಚುಚ್ಚುವ ಹಳೆಯ ದುಂಡು ತೂತೂ ಉಂಟು.

ಕ್ಯಾಮೆರಾದಿಂದ ಶುರು ಮಾಡಿದೆವು. ಹೊಸ ಫೋನಿನ ಬೆನ್ನ ಮೇಲೆ ಮೂರು ಕಣ್ಣಿದ್ದರೂ ಕೆಲಸಕ್ಕೆ ಬರುವುದು ಒಂದೇ, 50 ಮೆಗಾಪಿಕ್ಸೆಲ್‌ನದು. ಉಳಿದ 2 ಮೆಗಾಪಿಕ್ಸೆಲ್ ಕಣ್ಣುಗಳು ಮದುವೆ ಮನೆಯ ಪ್ಲಾಸ್ಟಿಕ್ ಹೂವಿನ ಹಾಗೆ, ನೋಡಲಿಕ್ಕೆ ಮಾತ್ರ. ಎಸ್22ರಲ್ಲಿ ಮೂರು ಪಟ್ಟು ಹತ್ತಿರ ತೋರಿಸುವ ಟೆಲಿಫೋಟೊ ಲೆನ್ಸ್ ನಿಜಕ್ಕೂ ಇದೆ. ಕ್ಲಾಸಿಗೆ ಇದು ದೊಡ್ಡ ವಿಷಯ. ಹೊಸ ಫೋನಿನಲ್ಲಿ ಜೂಮ್ ಎಂದರೆ ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವುದಷ್ಟೆ. ಹಿಂದಿನ ಬೆಂಚಿನಿಂದ ಹಾಗೆ ತೆಗೆದ ಬೋರ್ಡಿನಲ್ಲಿ ಘಾತಾಂಕದ ಎರಡು ಯಾವುದು, ಮೂರು ಯಾವುದು ಎಂದು ಊಹಿಸಬೇಕಾಗುತ್ತದೆ. ಸುಣ್ಣದ ಗೆರೆ ಹಿಟ್ಟು ಚೆಲ್ಲಿದ ಹಾಗೆ ಕಾಣುತ್ತದೆ.

ಆದರೆ ಇಲ್ಲೊಂದು ಗುಟ್ಟಿದೆ. ಟೆಲಿಫೋಟೊ ಲೆನ್ಸಿಗೆ ಬೆಳಕು ಜಾಸ್ತಿ ಬೇಕು. ಬೆಳಕು ಕಡಿಮೆಯಾದರೆ ಫೋನು ಸದ್ದಿಲ್ಲದೆ ಮುಖ್ಯ ಕ್ಯಾಮೆರಾಕ್ಕೆ ಹೊರಳಿ, ಅದರ ಚಿತ್ರವನ್ನೇ ಕತ್ತರಿಸಿ ಕೊಡುತ್ತದೆ. ಪರದೆಯ ಮೇಲೆ ಮಾತ್ರ 3 ಎಂದೇ ಇರುತ್ತದೆ. ಪತ್ತೆ ಮಾಡುವುದು ಸುಲಭ. ಜೂಮ್ ಮೂರಕ್ಕೆ ಇಟ್ಟು ಹಿಂದಿನ ಕಣ್ಣುಗಳನ್ನು ಒಂದೊಂದಾಗಿ ಬೆರಳಿನಿಂದ ಮುಚ್ಚಿ ನೋಡಿ. ಯಾವುದನ್ನು ಮುಚ್ಚಿದಾಗ ಪರದೆ ಕಪ್ಪಾಗುತ್ತದೋ ಆ ಹೊತ್ತಿಗೆ ಕೆಲಸ ಮಾಡುತ್ತಿರುವುದು ಅದು. ಅಂಗಡಿಯ ಬಾಗಿಲ ಬಳಿ ಬಿಸಿಲಿನಲ್ಲಿ ಟೆಲಿಫೋಟೊ ಮುಚ್ಚಿದಾಗ ಕಪ್ಪಾಯಿತು. ಒಳಗೆ ಮಂಕು ಟ್ಯೂಬ್‌ಲೈಟಿನ ಮೂಲೆಯಲ್ಲಿ ಆಗಲಿಲ್ಲ. ಕ್ಲಾಸ್‌ರೂಮಿನ ಬೆಳಕು ಈ ಎರಡರಲ್ಲಿ ಯಾವುದಕ್ಕೆ ಹತ್ತಿರ ಎಂದು ಅವಳನ್ನೇ ಕೇಳಿದೆ. "ಕಿಟಕಿ ಕಡೆ ಬಿಸಿಲು, ಬೋರ್ಡ್ ಕಡೆ ಕತ್ತಲು" ಎಂದಳು.

ಮುಂದಿನದು ಬ್ಯಾಟರಿ. ರಿಫರ್ಬಿಶ್ಡ್ ಫೋನಿಗೆ ಅಂಗಡಿಗಳು ಕೊಡುವ 'ಉತ್ತಮ', 'ಅತ್ಯುತ್ತಮ' ಎಂಬ ದರ್ಜೆಗಳು ಬಹುಪಾಲು ಗೀರುಗಳ ಲೆಕ್ಕ. ಒಳಗಿನ ಬ್ಯಾಟರಿ ಎಷ್ಟು ಸವೆದಿದೆ ಎಂಬುದನ್ನು ಅವು ಹೇಳುವುದಿಲ್ಲ. ಐಫೋನಾದರೆ ಸೆಟ್ಟಿಂಗ್ಸ್‌ನಲ್ಲೇ ಬ್ಯಾಟರಿಯ ಆರೋಗ್ಯ ಶೇಕಡಾವಾರು ಸಿಗುತ್ತದೆ. ಆಂಡ್ರಾಯ್ಡ್‌ನಲ್ಲಿ ಎಲ್ಲ ಫೋನಿಗೂ ಆ ಸೌಕರ್ಯವಿಲ್ಲ. ಅದಕ್ಕೇ ನಾನು ಅಂಗಡಿಯವರನ್ನು ಅರ್ಧ ಗಂಟೆ ಕೇಳಿಕೊಂಡೆ. ಒಲ್ಲದ ಮನಸ್ಸಿನಿಂದ ಒಪ್ಪಿ ಚಹಾ ತರಿಸಿದರು. ಎರಡೂ ಫೋನನ್ನು ಪೂರ್ತಿ ಚಾರ್ಜ್ ಮಾಡಿಸಿ, ಪರದೆಯ ಬೆಳಕನ್ನು ಅರ್ಧಕ್ಕಿಟ್ಟು, 1080ಪಿ, ಸೆಕೆಂಡಿಗೆ 30 ಫ್ರೇಮ್‌ನಲ್ಲಿ ರಸ್ತೆಯ ಕಡೆ ಮುಖ ಮಾಡಿಸಿ ರೆಕಾರ್ಡಿಂಗಿಗೆ ಬಿಟ್ಟೆವು.

ಅರ್ಧ ಗಂಟೆಗೆ ಹೊಸ ಫೋನ್ ನೂರರಿಂದ ತೊಂಬತ್ತೆರಡಕ್ಕೆ ಇಳಿದಿತ್ತು. ಎಸ್22 ಎಂಬತ್ತಾರಕ್ಕೆ. ಈಗ ಕಾಲೇಜಿನ ಲೆಕ್ಕ ಹಾಕಿ. ದಿನಕ್ಕೆ ಐವತ್ತು ನಿಮಿಷದ ಮೂರು ಪಾಠ, ಅಂದರೆ ನೂರೈವತ್ತು ನಿಮಿಷ, ಐದು ಅರ್ಧ ಗಂಟೆಗಳು. ಹೊಸದಕ್ಕೆ ನಲವತ್ತು ಖರ್ಚು. ಹಳೆಯದಕ್ಕೆ ಎಪ್ಪತ್ತು. ಬಸ್ಸಿನಲ್ಲಿ ಹಾಡು, ವಾಟ್ಸ್‌ಆ್ಯಪ್, ಕ್ಯಾಂಟೀನಿನ ಯುಪಿಐ ಸೇರಿದರೆ ಮೂರನೇ ಪಾಠ ಮುಗಿಯುವ ಮೊದಲೇ ಎಸ್22 ಕಣ್ಣು ಮುಚ್ಚಬಹುದು. ಇದರಲ್ಲಿ ಕಂಪನಿಯ ತಪ್ಪೇನಿಲ್ಲ. ಮೊದಲೇ ಚಿಕ್ಕ ಬ್ಯಾಟರಿ, ಮೇಲೆ ವಯಸ್ಸು. ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಹೊಸ ಬ್ಯಾಟರಿ ಹಾಕಿಸಬಹುದು, ಹಾಕಿಸಲೂಬೇಕು. ಆದರೆ ಆ ಖರ್ಚನ್ನು ಫೋನಿನ ಬೆಲೆಗೆ ಸೇರಿಸಿಯೇ ಹೋಲಿಸಬೇಕು. ನಮ್ಮ ಇಪ್ಪತ್ತು ಸಾವಿರ ಅಲ್ಲೇ ದಾಟಿತು.

ಅರ್ಧ ಗಂಟೆಯ ಪರೀಕ್ಷೆಯಿಂದ ಇನ್ನೊಂದು ಲಾಭ. ಬೆನ್ನು ಎಷ್ಟು ಬಿಸಿಯಾಗುತ್ತದೆ, ರೆಕಾರ್ಡಿಂಗ್ ನಡುವೆ ನಿಲ್ಲುತ್ತದೆಯೇ ಎಂಬುದು ಗೊತ್ತಾಗುತ್ತದೆ. ಎಸ್22 ಕೈಗೆ ಚೆನ್ನಾಗಿಯೇ ಬೆಚ್ಚಗಾಗಿತ್ತು, ನಿಲ್ಲಲಿಲ್ಲ. 4ಕೆಯಲ್ಲಿ ಇಟ್ಟಿದ್ದರೆ ಏನಾಗುತ್ತಿತ್ತೋ. ಪಾಠಕ್ಕೆ 4ಕೆ ಬೇಡವೇ ಬೇಡ. ಆ್ಯಪಲ್ ತನ್ನ ಫೋನಿಗೆ ಕೊಡುವ ಅಂದಾಜಿನಂತೆ 1080ಪಿಯ ಒಂದು ನಿಮಿಷಕ್ಕೆ ಸುಮಾರು 60 ಎಂಬಿ, 4ಕೆಗೆ 170 ಎಂಬಿ. ಐವತ್ತು ನಿಮಿಷದ ಪಾಠವೊಂದು ಮೊದಲನೆಯದರಲ್ಲಿ 3 ಜಿಬಿ, ಎರಡನೆಯದರಲ್ಲಿ 8.5 ಜಿಬಿ. ದಿನಕ್ಕೆ ಮೂರು, ವಾರಕ್ಕೆ ಐದು ದಿನ ಎಂದರೆ 1080ಪಿಯಲ್ಲೇ 45 ಜಿಬಿ. ಸಿಸ್ಟಮ್ಮು, ಆ್ಯಪ್‌ಗಳು ತಮ್ಮ ಪಾಲು ತಿಂದ ಮೇಲೆ 128 ಜಿಬಿ ಫೋನ್ ಎರಡು ವಾರಕ್ಕೆ ತುಂಬಿಹೋಗುತ್ತದೆ. ಎಡಿಟ್ ಮಾಡಲು ಮೂಲ ಕಡತದ ಜೊತೆ ಹೊಸ ಕಡತಕ್ಕೂ ಜಾಗ ಬೇಕಲ್ಲ. ಎಸ್22ಕ್ಕೆ ಮೆಮೊರಿ ಕಾರ್ಡ್ ಹಾಕಲು ಬರುವುದಿಲ್ಲ. ಹೊಸದಕ್ಕೆ ಬರುತ್ತದೆ. ಒಂದೇ ಎಚ್ಚರ, ಮುಗಿದ ಪಾಠಗಳನ್ನು ಕಾರ್ಡಿಗೆ ಸಾಗಿಸಬೇಕೇ ಹೊರತು ಕಾರ್ಡಿನಲ್ಲಿಟ್ಟೇ ಎಡಿಟ್ ಮಾಡಬಾರದು. ಕಾರ್ಡ್ ನಿಧಾನ, ಕೆಲಸ ತಡವರಿಸುತ್ತದೆ.

ಎಡಿಟಿಂಗಿನಲ್ಲಿ ಮಾತ್ರ ಹಳೆಯದೇ ರಾಜ. ಅವಳ ಹತ್ತು ನಿಮಿಷದ ತುಂಡೊಂದನ್ನು ಕೈನ್‌ಮಾಸ್ಟರ್ ಆ್ಯಪಿಗೆ ಹಾಕಿ, ಮೇಲೊಂದು ಮೂಲೆಯಲ್ಲಿ ನೋಟ್ಸಿನ ಚಿತ್ರ, ಕೆಳಗೆ ಕನ್ನಡದ ಸಾಲುಗಳನ್ನು ಸೇರಿಸಿ ನೋಡಿದೆವು. ಎಸ್22ರಲ್ಲಿ ಬೆರಳು ಎಳೆದ ಕಡೆ ಚಿತ್ರ ಬರುತ್ತಿತ್ತು. ಹೊಸದರಲ್ಲಿ ಬೆರಳು ಮುಂದೆ, ಚಿತ್ರ ಹಿಂದೆ. ಎಕ್ಸ್‌ಪೋರ್ಟ್ ಕೊಟ್ಟಾಗ ಹಳೆಯದು ನಾಲ್ಕು ನಿಮಿಷಕ್ಕೆ ಮುಗಿಸಿತು, ಹೊಸದು ಒಂಬತ್ತು ದಾಟಿತು. ಚಿಪ್ಪಿನ ಜೊತೆ ಒಳಗಿನ ಸ್ಟೋರೇಜಿನ ವೇಗವೂ ಇದಕ್ಕೆ ಕಾರಣ. ಹೊಸ ಫೋನಿನ ಪೆಟ್ಟಿಗೆಯ ಮೇಲೆ ಯುಎಫ್‌ಎಸ್ 2.2 ಎಂದಾದರೂ ಇರಲಿ. ಇಎಂಎಂಸಿ ಎಂದಿದ್ದರೆ ಎಡಿಟಿಂಗಿನ ಆಸೆ ಬಿಡುವುದು ಒಳ್ಳೆಯದು.

ಧ್ವನಿಯ ಬಗ್ಗೆ ಯಾರೂ ಕೇಳುವುದಿಲ್ಲ. ಚಿತ್ರ ಮಸುಕಾದರೂ ಪಾಠ ಅರ್ಥವಾಗುತ್ತದೆ, ಮಾತು ಕೇಳದಿದ್ದರೆ ಅರ್ಥವಾಗುವುದಿಲ್ಲ. ಫ್ಯಾನಿನ ಗರಗರದ ನಡುವೆ ಹಿಂದಿನ ಬೆಂಚಿನ ಫೋನಿಗೆ ಮೇಷ್ಟ್ರಿಗಿಂತ ಪಕ್ಕದವಳ ಪೆನ್ನಿನ ಸದ್ದೇ ಹೆಚ್ಚು ಹತ್ತಿರ. ಕಾಲರ್ ಮೈಕ್ ಇದಕ್ಕೆ ಪರಿಹಾರ. ಉದ್ದ ತಂತಿಯ ಮೈಕ್ ಹೊಸ ಫೋನಿನ ದುಂಡು ತೂತಿಗೆ ನೇರ ಹೋಗುತ್ತದೆ. ಎಸ್22ಕ್ಕೆ ಟೈಪ್-ಸಿ ಅಡಾಪ್ಟರ್ ಬೇಕು, ಅದೂ ಒಳಗೆ ಡಿಎಸಿ ಚಿಪ್ ಇರುವಂಥದ್ದು. ಚಿಪ್ ಇಲ್ಲದ ಅಗ್ಗದ ಅಡಾಪ್ಟರ್ ಸಿಕ್ಕಿಸಿದರೆ ಫೋನು ಮೈಕನ್ನು ಗುರುತಿಸುವುದೇ ಇಲ್ಲ. ಯಾವ ಫೋನಾದರೂ ಸರಿ, ಪಾಠದ ಮೊದಲು ಫ್ಲೈಟ್ ಮೋಡ್‌ಗೆ ಹಾಕಿ. ನಡುವೆ ಬಂದ ಒಂದು ಕರೆ ರೆಕಾರ್ಡಿಂಗನ್ನು ಕೆಡಿಸಿಬಿಡಬಹುದು.

ರಿಫರ್ಬಿಶ್ಡ್ ಕಡೆಗೇ ಮನಸ್ಸಿದ್ದವರು ದುಡ್ಡು ಕೊಡುವ ಮೊದಲು ಹತ್ತು ನಿಮಿಷ ಕೂರಬೇಕು. `*#06#` ಒತ್ತಿ ಹದಿನೈದು ಅಂಕಿಯ ಐಎಂಇಐ ಸಂಖ್ಯೆ ತೆಗೆದು, `KYM` ಎಂದು ಬರೆದು ಒಂದು ಸ್ಥಳ ಬಿಟ್ಟು ಆ ಸಂಖ್ಯೆಯನ್ನು 14422ಕ್ಕೆ ಎಸ್ಎಂಎಸ್ ಮಾಡಿ. ಕದ್ದ ಫೋನೆಂದು ನಿರ್ಬಂಧಿಸಿದ್ದರೆ ಉತ್ತರದಲ್ಲಿ ಗೊತ್ತಾಗುತ್ತದೆ. ಬಿಲ್ಲಿನ ಮೇಲೂ ಅದೇ ಸಂಖ್ಯೆ ಬರೆಸಿ. ಸ್ಯಾಮ್‌ಸಂಗ್‌ನಲ್ಲಿ `*#0*#` ಒತ್ತಿದರೆ ಪರೀಕ್ಷೆಯ ಪುಟ ತೆರೆಯುತ್ತದೆ. ಕೆಂಪು, ಹಸಿರು, ನೀಲಿ ಪರದೆಗಳಲ್ಲಿ ಗೆರೆಯೋ ಕಲೆಯೋ ಇದ್ದರೆ ಎದ್ದು ಕಾಣುತ್ತದೆ. ಹಳೆಯ ಅಮೊಲೆಡ್ ಪರದೆಯಲ್ಲಿ ಉದ್ದಕ್ಕೆ ಹಸಿರು ಗೆರೆ ಬಂದರೆ ಪರದೆಯನ್ನೇ ಬದಲಿಸಬೇಕು, ಅದರ ಬೆಲೆ ಕೇಳಿದರೆ ಹೊಸ ಫೋನೇ ವಾಸಿ ಎನಿಸುತ್ತದೆ. ನೀರಿಗೆ ಜಗ್ಗದು ಎಂಬ ಐಪಿ68 ಮಾತನ್ನೂ ನಂಬಬೇಡಿ, ಒಮ್ಮೆ ಬಿಚ್ಚಿದ ಫೋನಿನ ಅಂಟು ಮೊದಲಿನಂತೆ ಇರುವುದಿಲ್ಲ. ಇನ್ನು ಆಯಸ್ಸು. ಎಸ್22ಕ್ಕೆ ಕಂಪನಿ ಐದು ವರ್ಷದ ಭದ್ರತಾ ಅಪ್‌ಡೇಟ್ ಎಂದಿತ್ತು, ಅಂದರೆ 2027ರ ಆರಂಭದವರೆಗೆ. ಎಣಿಕೆ ಫೋನ್ ಬಿಡುಗಡೆಯಾದ ದಿನದಿಂದ ಶುರು, ನೀವು ಕೊಂಡ ದಿನದಿಂದಲ್ಲ.

ನಮ್ಮ ತೀರ್ಮಾನ ಕೊನೆಗೆ ಆದದ್ದು ಎಸ್‌.ಪಿ. ರಸ್ತೆಯಲ್ಲಲ್ಲ. ಅವಳು ಸೋಮವಾರ ಮೇಷ್ಟ್ರನ್ನು ಕೇಳಿದಳು, ಫೋನನ್ನು ಮೊದಲ ಬೆಂಚಿನ ಮೇಲೆ ಸ್ಟ್ಯಾಂಡಿನಲ್ಲಿ ಇಡಬಹುದೇ ಎಂದು. "ಏನಮ್ಮ, ಇಷ್ಟು ದಿನ ಹಿಂದೆ ಕೂತು ತೆಗೀತಿದ್ದೆಯಾ? ಇಡು, ಮೈಕೂ ಕೊಡು" ಎಂದರಂತೆ. ಟೆಲಿಫೋಟೊ ಬೇಕೆಂಬ ಕಾರಣ ಅಲ್ಲಿಗೆ ಹೋಯಿತು. ಉಳಿದದ್ದು ಎಡಿಟಿಂಗಿನ ಐದು ನಿಮಿಷದ ವ್ಯತ್ಯಾಸ. ಹೊಸದನ್ನೇ ಕೊಂಡಳು, ಉಳಿದ ದುಡ್ಡಿನಲ್ಲಿ ಒಂದು ಕಾಲರ್ ಮೈಕು, ಮೆಮೊರಿ ಕಾರ್ಡು, ಸ್ಟ್ಯಾಂಡು ಬಂದವು. ಅದೇ ಅವಳು ನೂರಿಪ್ಪತ್ತು ಜನರ ಗ್ಯಾಲರಿ ಹಾಲಿನಲ್ಲಿ ಹಿಂದೆಯೇ ಕೂರಬೇಕಾದ, ದಿನಕ್ಕೆರಡು ಗಂಟೆ ಪದರದ ಮೇಲೆ ಪದರ ಹಾಕಿ ಎಡಿಟ್ ಮಾಡುವ ಹುಡುಗಿಯಾಗಿದ್ದರೆ, ಇನ್ನಷ್ಟು ದುಡ್ಡು ಸೇರಿಸಿ, ಬ್ಯಾಟರಿ ಬದಲಿಸಿ, ಹಳೆಯದನ್ನೇ ಕೊಡಿಸುತ್ತಿದ್ದೆ.

ಮೊನ್ನೆ ಫೋನ್ ಮಾಡಿದ್ದಳು. ಎಕ್ಸ್‌ಪೋರ್ಟ್ ಒತ್ತಿ ಮೆಸ್ಸಿಗೆ ಊಟಕ್ಕೆ ಹೋಗುತ್ತಾಳಂತೆ, ಬರುವಷ್ಟರಲ್ಲಿ ಮುಗಿದಿರುತ್ತದಂತೆ. ಆದರೆ ಪರದೆ ಆರದಂತೆ ಸೆಟ್ಟಿಂಗ್ಸ್‌ನಲ್ಲಿ ಸಮಯ ಹೆಚ್ಚಿಸಿಡುವುದನ್ನು ಮೊದಲ ದಿನ ಮರೆತಿದ್ದಳು. ಊಟ ಮುಗಿಸಿ ಬಂದು ನೋಡಿದರೆ ಶೇಕಡಾ ಹನ್ನೊಂದರಲ್ಲೇ ನಿಂತಿತ್ತು.